ಮೋತಿಬಿಂದು ತೆಗೆದ ಮೇಲೆ ಕೊಡುವ ಕನ್ನಡಕವನ್ನು ಮೂವತ್ತು ವರ್ಷ ಮೊದಲೇ ಕೊಡಿ

ಕರ್ನಾಟಕ ಸರ್ಕಾರದ ಕೃಷಿ, ಕಾರ್ಮಿಕ ಮತ್ತು ಆರೋಗ್ಯ ಇಲಾಖೆಗಳ ಕಾರ್ಯದರ್ಶಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ಇಪ್ಪತ್ತಾರು ವರ್ಷ ನೇತ್ರಾಧಿಕಾರಿಯಾಗಿ ದುಡಿದು ನಿವೃತ್ತನಾದವನು ನಾನು. ಶಸ್ತ್ರಚಿಕಿತ್ಸೆ ಮಾಡುವ ವೈದ್ಯನಲ್ಲ. ಶಾಲೆಯ ವರಾಂಡದಲ್ಲೋ ಗುಡಿಯ ಕಟ್ಟೆಯ ಮೇಲೋ ಮೇಜು ಹಾಕಿಕೊಂಡು ಕಣ್ಣು ನೋಡಿ, ಅಕ್ಷರದ ಹಲಗೆ ಓದಿಸಿ, ಯಾರನ್ನು ಜಿಲ್ಲಾಸ್ಪತ್ರೆಗೆ ಕಳಿಸಬೇಕು, ಯಾರಿಗೆ ಕನ್ನಡಕ ಸಾಕು ಎಂದು ಬೇರ್ಪಡಿಸುವುದು ನನ್ನ ಕೆಲಸವಾಗಿತ್ತು. ಆ ಕೆಲಸದಲ್ಲಿ ಒಂದು ದೃಶ್ಯವನ್ನು ಸಾವಿರಾರು ಸಲ ನೋಡಿದ್ದೇನೆ. ಮೋತಿಬಿಂದು ಆಪರೇಷನ್ ಆದ ಮರುದಿನ ಪಟ್ಟಿ ಬಿಚ್ಚಿ, ಕಣ್ಣು ಒರೆಸಿ, ಹನಿ ಹಾಕಿ, ಒಂದು ಕಪ್ಪು ಪ್ಲಾಸ್ಟಿಕ್ ಕನ್ನಡಕ ಏರಿಸಿ ರೋಗಿಯನ್ನು ಮನೆಗೆ ಕಳಿಸುತ್ತೇವೆ. ಕಿವಿಯ ಹತ್ತಿರದವರೆಗೂ ಸುತ್ತಿಕೊಳ್ಳುವ, ಬದಿಯಲ್ಲಿ ಸಂದಿ ಬಿಡದ ಕನ್ನಡಕ ಅದು. ಒಂದು ತಿಂಗಳು ಅದನ್ನು ಹಾಕಿಕೊಂಡು ತಿರುಗಿದ ಮೇಲೆ ಅದು ಮೊಮ್ಮಕ್ಕಳ ಆಟಕ್ಕೆ ಹೋಗುತ್ತದೆ.

ಆಕಾರದ ಮಟ್ಟಿಗೆ ಹೇಳುವುದಾದರೆ, ನಮ್ಮ ಹೊಲದ ಕೂಲಿಗೆ ಬದುಕಿನಲ್ಲಿ ಮೊದಲ ಸಲ ಸಿಗುವ ಸರಿಯಾದ ಕನ್ನಡಕ ಅದೇ. ಮೂವತ್ತು ವರ್ಷ ಬಿಸಿಲು ತಿಂದು, ಕಣ್ಣಿನ ಮಸೂರ ಕೆಟ್ಟು, ಅದನ್ನು ತೆಗೆದು ಬಿಸಾಡಿದ ಮೇಲೆ ಸಿಗುತ್ತದೆ. ಒಳಗೆ ಕೂರಿಸಿದ ಕೃತಕ ಮಸೂರದಲ್ಲಿಯೂ ಸಾಮಾನ್ಯವಾಗಿ ಅತಿನೇರಳೆ ಕಿರಣ ತಡೆಯುವ ಗುಣವನ್ನು ಸೇರಿಸಿಯೇ ತಯಾರಿಸಿರುತ್ತಾರೆ. ಅಂದರೆ ಇನ್ನೇನೂ ಉಳಿದಿಲ್ಲ ಎಂದಾಗ ಎರಡೆರಡು ಕಾವಲು! ಈ ಪತ್ರ ಆ ಕನ್ನಡಕವನ್ನು ಮೊದಲೇ ಕೊಡುವುದರ ಬಗ್ಗೆ. ಮೊದಲೇ ಕೊಡುವುದಾದರೆ ಎಂಥದ್ದನ್ನು ಕೊಡಬೇಕು ಎನ್ನುವುದರ ಬಗ್ಗೆ ಅದಕ್ಕಿಂತ ಹೆಚ್ಚು, ಏಕೆಂದರೆ ತಪ್ಪು ಕನ್ನಡಕ ಹಂಚಿ ಕೈ ತೊಳೆದುಕೊಂಡದ್ದನ್ನು ಕಣ್ಣಾರೆ ನೋಡಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ನಮ್ಮ ಜನ ಎರಡು ಬೇರೆ ಬೇರೆ ರೋಗಗಳಿಗೆ ಒಂದೇ ಹೆಸರು ಹೇಳುತ್ತಾರೆ: ಪೊರೆ. ಒಂದು, ಕಣ್ಣಿನ ಒಳಗಿನ ಮಸೂರ ಮಂಜಾಗುವ ಮೋತಿಬಿಂದು. ಅದು ಹೊರಗಿನಿಂದ ಸುಲಭವಾಗಿ ಕಾಣುವುದಿಲ್ಲ, ಪೂರ್ತಿ ಬಲಿತಾಗ ಮಾತ್ರ ಕಣ್ಣಿನ ಪಾಪೆ ಬೆಳ್ಳಗಾಗಿ ತೋರುತ್ತದೆ. ಇನ್ನೊಂದು, ಕಣ್ಣಿನ ಹೊರಮೈಯಲ್ಲಿ ಮೂಗಿನ ಕಡೆಯಿಂದ ಹೊರಟು ಕಪ್ಪುಗುಡ್ಡೆಯ ಮೇಲೆ ಹತ್ತುವ ಕೆಂಪು ಮಾಂಸದ ಎಳೆ. ಅದು ಕನ್ನಡಿಯಲ್ಲಿ ಎದ್ದು ಕಾಣುತ್ತದೆ. ವೈದ್ಯರು ಅದನ್ನು ಟೆರಿಜಿಯಂ ಎನ್ನುತ್ತಾರೆ, ಗ್ರೀಕ್ ಭಾಷೆಯಲ್ಲಿ ಸಣ್ಣ ರೆಕ್ಕೆ ಎಂದರ್ಥ. ನಮ್ಮಲ್ಲಿ ಕಣ್ಣಲ್ಲಿ ಮಾಂಸ ಬೆಳೆದಿದೆ ಎನ್ನುತ್ತಾರೆ, ದುರ್ಮಾಂಸ ಎನ್ನುವವರೂ ಇದ್ದಾರೆ. ಶಿಬಿರಕ್ಕೆ ಬಂದವರು ಈ ಮಾಂಸವನ್ನು ಬೆರಳಿಟ್ಟು ತೋರಿಸಿ, ಪೊರೆ ಬಂದಿದೆ ತೆಗೆಯಿರಿ ಎನ್ನುತ್ತಾರೆ. ಒಳಗೆ ನಿಜವಾದ ಪೊರೆಯೂ ಕೂತಿರುವುದು ಅವರಿಗೆ ಗೊತ್ತಿರುವುದಿಲ್ಲ. ಎರಡೂ ಒಂದೇ ಕಣ್ಣಿನಲ್ಲಿ ಇರುವುದು ಅಪರೂಪವೇನಲ್ಲ. ಅದಕ್ಕೆ ಕಾರಣವಿದೆ, ಎರಡಕ್ಕೂ ಬಿಸಿಲು ಬರುವ ದಾರಿ ಒಂದೇ.

ಆ ದಾರಿಯನ್ನು ನಾನು ಶಿಬಿರಗಳಲ್ಲಿ ಮೊಬೈಲ್ ಟಾರ್ಚ್ ಹಿಡಿದು ತೋರಿಸುತ್ತಿದ್ದೆ. ನೀವೂ ನಿಮ್ಮ ಕಚೇರಿಯಲ್ಲಿ ಪರದೆ ಎಳೆದು ನೋಡಬಹುದು. ಒಬ್ಬರನ್ನು ನೇರವಾಗಿ ಎದುರು ನೋಡುವಂತೆ ಕೂರಿಸಿ. ಟಾರ್ಚನ್ನು ಅವರ ಮುಖದ ಎದುರು ಹಿಡಿಯಬೇಡಿ, ಕಿವಿಯ ಕಡೆಯಿಂದ, ಕಣತಲೆಯ ಪಕ್ಕಕ್ಕೆ ಹಿಡಿದು ನಿಧಾನವಾಗಿ ಹಿಂದೆ ಮುಂದೆ ಆಡಿಸಿ. ಒಂದು ಕೋನದಲ್ಲಿ, ಬೆಳಕು ಬಿದ್ದ ಕಡೆ ಅಲ್ಲ, ಅದರ ಎದುರು ಬದಿಯಲ್ಲಿ, ಅಂದರೆ ಮೂಗಿನ ಪಕ್ಕದಲ್ಲಿ ಕಪ್ಪುಗುಡ್ಡೆಯೂ ಬಿಳಿಗುಡ್ಡೆಯೂ ಕೂಡುವ ಅಂಚಿನಲ್ಲಿ ಒಂದು ಸಣ್ಣ ಬೆಳಕಿನ ಚೂರು ಕೆಂಡದಂತೆ ಹೊಳೆಯುತ್ತದೆ. ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಗುಮ್ಮಟ, ಅದೇ ಕಾರ್ನಿಯಾ, ಬದಿಯಿಂದ ಬಂದ ಬೆಳಕನ್ನು ಭೂತಗನ್ನಡಿಯಂತೆ ಒಟ್ಟುಗೂಡಿಸಿ ಆ ಒಂದು ಬಿಂದುವಿಗೆ ಎಸೆಯುತ್ತದೆ. ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ಮಿನಾಸ್ ಕೊರೊನಿಯೊ 1990ರ ದಶಕದ ಮೊದಲ ವರ್ಷಗಳಲ್ಲಿ ಇದನ್ನು ವಿವರಿಸಿದರು. ಅಲ್ಲಿ ಬೆಳಕಿನ ತೀವ್ರತೆ ಸುಮಾರು 20 ಪಟ್ಟಿನವರೆಗೆ ಏರಬಹುದು ಎಂದು ಅವರ ಲೆಕ್ಕ.

ಆ ಅಂಚಿನಲ್ಲಿಯೇ ಕಾರ್ನಿಯಾದ ಮೇಲ್ಪದರವನ್ನು ಜೀವನವಿಡೀ ಹೊಸದಾಗಿ ಹುಟ್ಟಿಸುವ ಮೂಲಕೋಶಗಳು ಇರುತ್ತವೆ. ಹೊಲದ ಬದುವಿನಂತೆ ಅವು ಬಿಳಿಗುಡ್ಡೆಯ ಪದರ ಈಚೆಗೆ ದಾಟದಂತೆ ತಡೆಯುತ್ತವೆ. ವರ್ಷಗಟ್ಟಲೆ ಅದೇ ಜಾಗಕ್ಕೆ ಬಿಸಿಲು ಬಡಿದು ಬದು ಸಡಿಲವಾದಾಗ ಮಾಂಸ ಒಳಗೆ ನುಗ್ಗುತ್ತದೆ. ಮಾಂಸ ಬಹುತೇಕ ಮೂಗಿನ ಕಡೆಯೇ ಬೆಳೆಯುವುದು ಏಕೆ ಎಂಬ ಹಳೆಯ ಪ್ರಶ್ನೆಗೂ ಉತ್ತರ ಇಲ್ಲಿದೆ. ಕಿವಿಯ ಕಡೆಯಿಂದ ಬರುವ ಬೆಳಕಿಗೆ ಅಡ್ಡಿ ಇಲ್ಲ, ಮೂಗಿನ ಕಡೆಯಿಂದ ಬರುವ ಬೆಳಕಿಗೆ ಮೂಗೇ ಗೋಡೆ. ಹೀಗೆ ಬದಿಯಿಂದ ಬಂದ ಬೆಳಕು ಇನ್ನೊಂದಿಷ್ಟು ಬೇರೆ ಕೋನದಲ್ಲಿ ಬಿದ್ದರೆ ಒಳಗಿನ ಮಸೂರದ ಅಂಚಿಗೆ ಹೋಗಿ ಕೂಡುತ್ತದೆ. ಮಸೂರದ ಅಂಚಿನಿಂದ ಸೈಕಲ್ ಗಾಲಿಯ ಕಡ್ಡಿಗಳಂತೆ ಬಿಳಿ ಗೆರೆಗಳು ಒಳಮುಖವಾಗಿ ಬೆಳೆಯುವ ಒಂದು ಬಗೆಯ ಮೋತಿಬಿಂದು ಇದೆ, ಕಾರ್ಟಿಕಲ್ ಎನ್ನುತ್ತಾರೆ. ಆ ಗೆರೆಗಳು ಮೂಗಿನ ಬದಿಯ ಕೆಳಭಾಗದಲ್ಲಿ ಹೆಚ್ಚಾಗಿ ಶುರುವಾಗುತ್ತವೆ.

ಇದು ಬರೀ ಊಹೆಯಲ್ಲ. ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲಿ ಏಡಿ, ಸಿಂಪಿ ಹಿಡಿಯುವ 838 ದೋಣಿ ಕಾರ್ಮಿಕರನ್ನು ಹ್ಯೂ ಟೇಲರ್ ಮತ್ತು ಸಂಗಡಿಗರು ಪರೀಕ್ಷಿಸಿ, ಪ್ರತಿಯೊಬ್ಬನೂ ಹುಡುಗನಾಗಿದ್ದಾಗಿನಿಂದ ಎಷ್ಟು ಬಿಸಿಲಿನಲ್ಲಿ ದುಡಿದ, ಟೋಪಿ ಹಾಕಿದ್ದನೇ, ಕನ್ನಡಕ ಇತ್ತೇ ಎಂದು ಲೆಕ್ಕ ಹಾಕಿ 1988ರಲ್ಲಿ ಪ್ರಕಟಿಸಿದರು. ಕಣ್ಣಿಗೆ ಬಿದ್ದ ಅತಿನೇರಳೆ ಬಿ ಕಿರಣದ ಒಟ್ಟು ಪ್ರಮಾಣ ದುಪ್ಪಟ್ಟಾದರೆ ಕಾರ್ಟಿಕಲ್ ಮೋತಿಬಿಂದಿನ ಅಪಾಯ 1.6 ಪಟ್ಟು ಆಗುತ್ತಿತ್ತು. ಮಸೂರದ ನಡುವೆ ಹಳದಿ ತಿರುಗುವ ಬಗೆಯ ಮೋತಿಬಿಂದಿಗೆ ಮಾತ್ರ ಬಿಸಿಲಿನ ನಂಟು ಕಾಣಲಿಲ್ಲ. ಇದನ್ನು ಮುಚ್ಚಿಡದೆ ಹೇಳುವುದು ಒಳ್ಳೆಯದು. ಎಲ್ಲ ಪೊರೆಗೂ ಬಿಸಿಲೇ ಕಾರಣ ಎಂದು ನಾನು ಹೇಳುತ್ತಿಲ್ಲ. ವಯಸ್ಸು, ಸಕ್ಕರೆ ಕಾಯಿಲೆ, ಬೀಡಿ ಇವೆಲ್ಲ ಇವೆ. ನಮ್ಮ ಪಕ್ಕದ, ಆಗಿನ್ನೂ ಇಬ್ಭಾಗವಾಗದ ಆಂಧ್ರದಲ್ಲಿ ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯವರು ಊರೂರು ಸುತ್ತಿ ಮಾಡಿದ ಸಮೀಕ್ಷೆಯಲ್ಲಿ 30 ದಾಟಿದವರ ಪೈಕಿ ನೂರಕ್ಕೆ ಸುಮಾರು 12 ಜನರ ಕಣ್ಣಿನಲ್ಲಿ ಮಾಂಸ ಬೆಳೆದಿತ್ತು. ಬಯಲಿನಲ್ಲಿ ದುಡಿಯುವವರಲ್ಲಿ ಹೆಚ್ಚು. ಅದೇ ಮಣ್ಣು, ಅದೇ ಬಿಸಿಲು, ನಡುವೆ ಇರುವುದು ಒಂದು ಹೊಳೆ.

ಈಗ ನಿಮ್ಮ ಆದೇಶವೊಂದರ ವಿಷಯ. ಪ್ರತಿ ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಸಮಯವನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತೀರಿ. ಹೊಲದ ಕೂಲಿಯವರೂ ತಾವಾಗಿಯೇ ಹಾಗೆ ಮಾಡಿಕೊಂಡಿದ್ದಾರೆ, ಹೊತ್ತು ಮೂಡುವ ಮೊದಲೇ ಹೊರಟು ನಡುಹಗಲಿಗೆ ಗಿಡದ ನೆರಳು ಸೇರುತ್ತಾರೆ. ಮೈಗೆ, ರಕ್ತದೊತ್ತಡಕ್ಕೆ, ಮೈಯ ನೀರು ಆರದಿರುವುದಕ್ಕೆ ಇದು ಸರಿಯಾದ ಉಪಾಯ. ಆದರೆ ಕಣ್ಣಿಗೂ ಇದರಿಂದ ಅಷ್ಟೇ ರಕ್ಷೆ ಸಿಗುತ್ತದೆ ಎಂದುಕೊಂಡರೆ ತಪ್ಪು. ಜಪಾನಿನ ಕನಜಾವಾ ವೈದ್ಯಕೀಯ ವಿಶ್ವವಿದ್ಯಾಲಯದ ಹಿರೋಶಿ ಸಸಾಕಿ ಮತ್ತು ಸಂಗಡಿಗರು ಗೊಂಬೆಯ ತಲೆಯಲ್ಲಿ ಕಣ್ಣಿನ ಜಾಗಕ್ಕೆ ಅತಿನೇರಳೆ ಮಾಪಕ ಕೂರಿಸಿ ಇಡೀ ದಿನ ಅಳೆದರು. ಸೂರ್ಯನತ್ತ ಮುಖ ಮಾಡಿದ ಕಣ್ಣಿಗೆ ಅತಿ ಹೆಚ್ಚು ಕಿರಣ ಬಿದ್ದದ್ದು ನಡುಹಗಲಲ್ಲಿ ಅಲ್ಲ, ಬೆಳಿಗ್ಗೆ ಮತ್ತು ಇಳಿಹಗಲಿನಲ್ಲಿ, ಸೂರ್ಯ ದಿಗಂತದಿಂದ ಸುಮಾರು 40 ಡಿಗ್ರಿ ಮೇಲೆ ಇದ್ದಾಗ. ನೆತ್ತಿಯ ಮೇಲಿನ ಸೂರ್ಯನಿಗೆ ಹುಬ್ಬಿನ ಮೂಳೆ ಚಪ್ಪರವಾಗಿ ನಿಲ್ಲುತ್ತದೆ, ಓರೆಯ ಸೂರ್ಯನಿಗೆ ಯಾವ ಚಪ್ಪರವೂ ಇಲ್ಲ. ರಾಯಚೂರಿನ ಅಕ್ಷಾಂಶಕ್ಕೆ ನಾನೇ ಲೆಕ್ಕ ಹಾಕಿ ನೋಡಿದೆ. ಮಾರ್ಚ್ ಕೊನೆಯಲ್ಲಿ ಸೂರ್ಯ ಆ ಎತ್ತರಕ್ಕೆ ಬರುವುದು ಬೆಳಿಗ್ಗೆ 9ರ ಆಸುಪಾಸಿಗೆ, ಮತ್ತೆ ಮಧ್ಯಾಹ್ನ ಮೂರೂವರೆಗೆ. ಇನ್ನೂ ತಂಪಿದೆ ಎಂದು ಚುರುಕಾಗಿ ಕೆಲಸ ನಡೆಯುವ ಹೊತ್ತು ಅದು. ಚರ್ಮ ಸುಡುವುದು ಯಾವಾಗ ಎಂದು ಕೇಳಿ ಕಣ್ಣಿನ ಎಚ್ಚರಿಕೆ ಬರೆದರೆ ಹೀಗೆಯೇ ಆಗುತ್ತದೆ.

ತಲೆಯ ಮೇಲಿನ ಟವೆಲ್, ಸೆರಗು, ಅಗಲ ಅಂಚಿನ ಟೋಪಿ ಇವುಗಳಿಂದ ಅರ್ಧದಷ್ಟು ಕಿರಣ ಕಡಿಮೆಯಾಗಬಹುದು, ಅದೂ ಅಂಚು ನಿಜಕ್ಕೂ ಅಗಲವಾಗಿದ್ದರೆ. ಮೇಲಿನಿಂದ ಬರುವುದನ್ನು ಅವು ತಡೆಯುತ್ತವೆ, ಬದಿಯಿಂದ, ಕೆಳಗಿನಿಂದ ಬರುವುದನ್ನು ತಡೆಯುವುದಿಲ್ಲ. ನಾಟಿಯ ಗದ್ದೆಯಲ್ಲಿ ಬಗ್ಗಿ ನಿಂತವಳಿಗೆ ಬೆಳಗಿನ ಓರೆ ಬಿಸಿಲು ನೀರಿನಿಂದ ಮುಖಕ್ಕೆ ಎದ್ದು ಬರುತ್ತದೆ.

ಸಿಂಧನೂರು ಕಡೆಯ ಒಬ್ಬ ಹೆಣ್ಣುಮಗಳ ಕಣ್ಣಿನ ಕಥೆ ಹೇಳುತ್ತೇನೆ, ಗುರುತು ಸಿಗದಂತೆ. ಹೆಸರು, ಊರು ಬೇಡ. ವಯಸ್ಸು 47. ಹತ್ತು ಹನ್ನೆರಡು ವರ್ಷದವಳಿದ್ದಾಗಿನಿಂದ ನಾಟಿ, ಕಳೆ, ಹತ್ತಿ ಬಿಡಿಸುವುದು, ಮೆಣಸಿನಕಾಯಿ. ಶಿಬಿರಕ್ಕೆ ಬಂದಾಗ ಅವರ ದೂರು ಹೀಗಿತ್ತು: "ಸರ್, ಮನೆಯೊಳಗೆ ಪರವಾಗಿಲ್ಲ. ಹೊಲಕ್ಕೆ ಹೋದರೆ ಹತ್ತಿಯೂ ಬೆಳ್ಳಗೆ, ಎಲೆಯೂ ಬೆಳ್ಳಗೆ, ಯಾವುದನ್ನು ಬಿಡಿಸಲಿ?" ಕತ್ತಲಲ್ಲಿ ಕಾಣುವುದಿಲ್ಲ ಎನ್ನುವವರೇ ಹೆಚ್ಚು; ಬಿಸಿಲಿನಲ್ಲಿ ಕಾಣುವುದಿಲ್ಲ ಎಂದು ಯಾರಾದರೂ ಅಂದರೆ ನಾನು ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಮಸೂರದಲ್ಲಿ ಗೆರೆಗಳಿದ್ದಾಗ ಬೆಳಕು ಚೆದುರಿ ಕಣ್ಣು ಕೋರೈಸುತ್ತದೆ.

ಬಲಗಣ್ಣಿನಲ್ಲಿ ಮಾಂಸ ಕಪ್ಪುಗುಡ್ಡೆಯ ಮೇಲೆ ಮೂರು ಮಿಲಿಮೀಟರ್ ಹತ್ತಿತ್ತು. ಓದಲು ಆದದ್ದು 6/36, ಅಂದರೆ ಸರಿಯಾದ ಕಣ್ಣು 36 ಮೀಟರಿನಿಂದ ಓದುವ ಅಕ್ಷರವನ್ನು ಇವರು ಆರು ಮೀಟರಿನಿಂದ ಓದಿದರು. ಮಾಂಸದ ಎಳೆತಕ್ಕೆ ಗುಡ್ಡೆ ಅಡ್ಡಡ್ಡಲಾಗಿ ಚಪ್ಪಟೆಯಾಗಿ ಮೂರೂವರೆ ಡಯಾಪ್ಟರ್‌ನಷ್ಟು ಸಿಲಿಂಡರ್, ಅಂದರೆ ಒಂದೇ ದಿಕ್ಕಿನ, ಪವರ್ ಬಂದಿತ್ತು. ಆ ಪವರಿನ ಗಾಜು ಹಿಡಿದಾಗ 6/18ರವರೆಗೆ ಓದಿದರು. ಪಾಪೆ ಹಿಗ್ಗಿಸಿ ನೋಡಿದಾಗ ಒಳಗೆ, ಮೂಗಿನ ಬದಿಯ ಕೆಳಗೆ, ನಾಲ್ಕೈದು ಬಿಳಿ ಗೆರೆಗಳು. ಎರಡೂ ರೋಗ ಒಂದೇ ಕಣ್ಣಿನಲ್ಲಿ. ಸುಮಾರು ಹತ್ತು ವರ್ಷದಿಂದ ಕಣ್ಣು ಕೆಂಪಾದಾಗೆಲ್ಲ ಔಷಧದ ಅಂಗಡಿಯಿಂದ ತಂದು ಹಾಕುತ್ತಿದ್ದ ಹನಿಯ ಸೀಸೆ ಸೆರಗಿನ ಗಂಟಿನಲ್ಲಿತ್ತು. ಅದು ಸ್ಟೀರಾಯ್ಡ್. ಕೆಂಪು ಎರಡು ದಿನದಲ್ಲಿ ಇಳಿಯುತ್ತದೆ, ಅದಕ್ಕೇ ಜನ ಅದನ್ನು ನಂಬುತ್ತಾರೆ. ತಿಂಗಳುಗಟ್ಟಲೆ ಹಾಕಿದರೆ ಅದೇ ಹನಿ ಮಸೂರದ ಹಿಂಭಾಗದಲ್ಲಿ ಬೇರೊಂದು ಬಗೆಯ ಪೊರೆ ತರಬಲ್ಲದು, ಕಣ್ಣಿನ ಒತ್ತಡ ಏರಿಸಿ ನರವನ್ನೇ ಕೊಲ್ಲಬಲ್ಲದು. ಅದೃಷ್ಟಕ್ಕೆ ಇವರ ಒತ್ತಡ ಸರಿಯಾಗಿತ್ತು.

ಆ ದಿನ ಶಿಬಿರದ ವಾಹನ ಹೊರಗೆ ನಿಂತಿತ್ತು, ಮೋತಿಬಿಂದು ಆಪರೇಷನ್‌ಗೆ ಹತ್ತಿಸಿ ಕಳಿಸಿದ್ದರೆ ನಮ್ಮ ಲೆಕ್ಕಕ್ಕೆ ಒಂದು ಸಂಖ್ಯೆ ಸೇರುತ್ತಿತ್ತು. ಆದರೆ ಮಾಂಸ ಗುಡ್ಡೆಯ ಆಕಾರವನ್ನು ಎಳೆದು ಕೆಡಿಸಿರುವಾಗ ಕೃತಕ ಮಸೂರದ ಪವರ್ ಅಳೆದರೆ ಅಳತೆ ಸುಳ್ಳಾಗುತ್ತದೆ. ಗುಡ್ಡೆ ಇರುವುದಕ್ಕಿಂತ ಚಪ್ಪಟೆ ಎಂದು ಯಂತ್ರ ಹೇಳುತ್ತದೆ, ನಾವು ಹೆಚ್ಚು ಪವರಿನ ಮಸೂರ ಹಾಕುತ್ತೇವೆ, ಮುಂದೆ ಯಾವಾಗಲೋ ಮಾಂಸ ತೆಗೆದಾಗ ಗುಡ್ಡೆ ಮತ್ತೆ ಉಬ್ಬಿ ರೋಗಿಗೆ ದೂರದ್ದು ಮಂಜು. ಹಾಗಾಗಿ ಮೊದಲು ಮಾಂಸ, ಗುಡ್ಡೆ ತನ್ನ ಆಕಾರಕ್ಕೆ ಬಂದ ಮೇಲೆ ಮಸೂರ. ಇವರಿಗೆ ಹಾಗೆಯೇ ಆಯಿತು. ಮಾಂಸ ಕತ್ತರಿಸಿ, ಖಾಲಿ ಬಿದ್ದ ಜಾಗಕ್ಕೆ ಅದೇ ಕಣ್ಣಿನ ಮೇಲ್ರೆಪ್ಪೆಯಡಿಯ ತೆಳು ಪದರವನ್ನು ಕಸಿ ಮಾಡಿದರು. ಎರಡು ತಿಂಗಳ ನಂತರ ಅಳೆದಾಗ ಮೂರೂವರೆಯಿದ್ದ ಸಿಲಿಂಡರ್ ಒಂದಕ್ಕೆ ಇಳಿದಿತ್ತು. ಸಣ್ಣ ಪವರಿನ ಕನ್ನಡಕದಲ್ಲಿ 6/12 ಓದಿದರು. ಮೋತಿಬಿಂದು ಆಪರೇಷನ್ ಸದ್ಯಕ್ಕೆ ಬೇಡ ಎಂದು ಮುಂದಕ್ಕೆ ಹಾಕಲಾಯಿತು.

ಕಸಿಯ ಮಾತು ಬಂದದ್ದರಿಂದ ಆರೋಗ್ಯ ಇಲಾಖೆಗೆ ಒಂದು ಮಾತು. ಮಾಂಸವನ್ನು ಬರೀ ಕತ್ತರಿಸಿ ಹಾಗೇ ಬಿಡುವ ಹಳೆಯ ಪದ್ಧತಿ ಹತ್ತು ನಿಮಿಷದ್ದು. ಶಿಬಿರದ ಗಡಿಬಿಡಿಗೆ ಹೊಂದುತ್ತದೆ. ಆದರೆ ಹಾಗೆ ಬಿಟ್ಟವರಲ್ಲಿ ಹತ್ತಕ್ಕೆ ಮೂರರಿಂದ ಎಂಟು ಜನರಿಗೆ ಅದು ಮರಳಿ ಬೆಳೆಯುತ್ತದೆ, ಮರಳಿ ಬಂದದ್ದು ಮೊದಲಿನದಕ್ಕಿಂತ ದಪ್ಪ, ಮೊಂಡು. ಕಸಿ ಮಾಡಿದರೆ ಆ ಸಂಖ್ಯೆ ಹತ್ತಕ್ಕೆ ಒಂದರ ಆಸುಪಾಸಿಗೆ ಇಳಿಯುತ್ತದೆ. ಅರ್ಧ ಗಂಟೆ ಹೆಚ್ಚು ಹಿಡಿದರೂ ಕಸಿಯನ್ನೇ ಮಾಡಿ ಎಂದು ಬರೆದು ಕಳಿಸಿ. ಮಾಂಸ ಬೆಳ್ಳಗೆ ಲೋಳೆಯಂತೆ ಇದ್ದರೆ, ಕೆಲವೇ ತಿಂಗಳಲ್ಲಿ ಬೇಗ ಬೆಳೆದಿದ್ದರೆ, ಮುಟ್ಟಿದರೆ ರಕ್ತ ಬಂದರೆ ಕತ್ತರಿಸಿದ ತುಣುಕನ್ನು ಬಿಸಾಡದೆ ಪ್ರಯೋಗಾಲಯಕ್ಕೆ ಕಳಿಸಲೇಬೇಕು. ಅದೇ ಜಾಗದಲ್ಲಿ, ಅದೇ ಬಿಸಿಲಿಗೆ ಕ್ಯಾನ್ಸರ್ ಕೂಡ ಹುಟ್ಟುತ್ತದೆ, ನೋಡಲು ಮಾಂಸದಂತೆಯೇ ಇರುತ್ತದೆ.

ಇನ್ನು ಕನ್ನಡಕ. ಕೆಲವು ವರ್ಷಗಳ ಹಿಂದೆ ದೊಡ್ಡ ಕಟ್ಟಡದ ಕೆಲಸ ನಡೆಯುತ್ತಿದ್ದ ಜಾಗವೊಂದಕ್ಕೆ ಕಣ್ಣು ಪರೀಕ್ಷೆಗೆ ಹೋಗಿದ್ದೆ. ಎಲ್ಲ ಕೂಲಿಯವರಿಗೂ ಕನ್ನಡಕ ಹಂಚಿದ್ದೇವೆ ಎಂದು ಮೇಸ್ತ್ರಿ ಹೆಮ್ಮೆಯಿಂದ ಹೇಳಿದ. ನಲವತ್ತು ಜನರಲ್ಲಿ ಮೂವರ ಕಣ್ಣಿನ ಮೇಲೆ ಅದು ಇತ್ತು. ಉಳಿದವರದು ಹೆಲ್ಮೆಟ್ಟಿನ ಮೇಲೆ, ಜೇಬಿನಲ್ಲಿ, ಒಂದು ಸಿಮೆಂಟಿನ ಬುಟ್ಟಿಯಲ್ಲಿ. ಎತ್ತಿ ನೋಡಿದೆ. ಕಡುಕಪ್ಪು, ಚಪ್ಪಟೆ, ಎರಡು ಬದಿಯಲ್ಲೂ ಎರಡು ಬೆರಳು ತೂರುವಷ್ಟು ಸಂದಿ. ಗಾಳಿಯಾಡಲು ತೂತಿಲ್ಲದ್ದರಿಂದ ಹಾಕಿದ ಐದು ನಿಮಿಷಕ್ಕೆ ಬೆವರಿನ ಆವಿ ಕೂತು ಮೆಟ್ಟಿಲೇ ಕಾಣುವುದಿಲ್ಲ ಎಂದರು. ಸಾರುವೆ ಹತ್ತುವವನು ಅದನ್ನು ತೆಗೆದಿಟ್ಟದ್ದು ಅಶಿಸ್ತಲ್ಲ, ವಿವೇಕ.

ಕಡುಕಪ್ಪು ಇದ್ದರೆ ಒಳ್ಳೆಯದು ಎನ್ನುವುದು ಮೊದಲ ತಪ್ಪು ತಿಳಿವಳಿಕೆ. ಬಣ್ಣ ತಡೆಯುವುದು ಕಣ್ಣಿಗೆ ಕಾಣುವ ಬೆಳಕನ್ನು. ಅತಿನೇರಳೆಯನ್ನು ತಡೆಯುವುದು ಗಾಜಿನ ವಸ್ತು ಮತ್ತು ಅದಕ್ಕೆ ಬೆರೆಸಿದ ಪದಾರ್ಥ. ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ ನೀರಿನಂತೆ ತಿಳಿಯಾಗಿದ್ದರೂ ಅತಿನೇರಳೆಯನ್ನು ಹೆಚ್ಚುಕಡಿಮೆ ಪೂರ್ತಿ ನುಂಗುತ್ತದೆ, ಸುತ್ತಿಗೆಯ ಚೂರು ಹಾರಿ ಬಡಿದರೂ ಒಡೆಯುವುದಿಲ್ಲ. ಸಂತೆಯ ಅಗ್ಗದ ಕನ್ನಡಕಗಳಲ್ಲಿ ಕೂಡ ಎಷ್ಟೋ ಅತಿನೇರಳೆಯನ್ನು ತಕ್ಕಮಟ್ಟಿಗೆ ತಡೆಯುತ್ತವೆ ಎನ್ನುವುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಅವು ಸೋಲುವುದು ಹೆಚ್ಚಾಗಿ ಆಕಾರದಲ್ಲಿ. ಚಪ್ಪಟೆ ಕಡುಕಪ್ಪು ಕನ್ನಡಕ ಹಾಕಿದಾಗ ಒಳಗೆ ಕತ್ತಲಾಗಿ ಪಾಪೆ ಹಿಗ್ಗುತ್ತದೆ, ಕಣ್ಣು ಕಿರಿದಾಗಿಸುವ ಅಭ್ಯಾಸ ಬಿಟ್ಟುಹೋಗುತ್ತದೆ, ಬದಿಯ ಸಂದಿ ಮಾತ್ರ ತೆರೆದೇ ಇರುತ್ತದೆ. ಟಾರ್ಚ್ ಪ್ರಯೋಗದ ಆ ಕೆಂಡದ ಚೂರನ್ನು ನೆನಪಿಸಿಕೊಳ್ಳಿ. ಬೆಳಕು ಬಂದದ್ದು ಎದುರಿನಿಂದ ಅಲ್ಲ. ಕೊರೊನಿಯೊ ತಂಡ ಮುಂದೆ ಇದನ್ನೇ ಅಳೆದು ನೋಡಿ, ಬದಿ ಮುಚ್ಚದ ಮಾಮೂಲಿ ತಂಪು ಕನ್ನಡಕ ಈ ಓರೆ ಬೆಳಕನ್ನು ನಿಲ್ಲಿಸುವುದಿಲ್ಲ ಎಂದು ತೋರಿಸಿತು. ಬೆನ್ನ ಹಿಂದಿನ ಸೂರ್ಯನ ಬೆಳಕು ಸಂದಿಯಿಂದ ನುಗ್ಗಿ ಗಾಜಿನ ಒಳಮೈಗೆ ಬಡಿದು ಕಣ್ಣಿಗೆ ತಿರುಗುವುದೂ ಉಂಟು.

ಆದ್ದರಿಂದ ಖರೀದಿಯ ಟೆಂಡರಿನಲ್ಲಿ ಮೊದಲು ಬರೆಯಬೇಕಾದ ಶಬ್ದ ಕಪ್ಪು ಅಲ್ಲ, ಸುತ್ತು. ಮುಖದ ಬಾಗಿಗೆ ಹೊಂದಿ ಕಣತಲೆಯವರೆಗೆ ಹೋಗುವ ಒಂದೇ ತುಂಡಿನ ಪಾಲಿಕಾರ್ಬೊನೇಟ್, ಮೇಲೆ ಹುಬ್ಬಿಗೆ ಹತ್ತಿರ. ಹಾಕಿಕೊಂಡಾಗ ಬದಿಯಿಂದ ಕಿರುಬೆರಳು ಸಲೀಸಾಗಿ ಒಳಗೆ ಹೋಗಬಾರದು. ಪಕ್ಕದಲ್ಲಿ ನಿಂತು ನೋಡಿದವರಿಗೆ ರೆಪ್ಪೆಗೂದಲು ಗಾಜಿನ ಮೂಲಕ ಕಾಣಬೇಕೇ ಹೊರತು ಗಾಜಿನ ಹಿಂದಿನ ಸಂದಿಯಿಂದ ಅಲ್ಲ. ಇದೊಂದು ಪರೀಕ್ಷೆಯನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದ ಸಿಬ್ಬಂದಿ ಯಾವ ಉಪಕರಣವೂ ಇಲ್ಲದೆ ಮಾಡಬಹುದು. ಆದರೆ ಮುಖಕ್ಕೆ ಪೂರ್ತಿ ಅಂಟಿದರೆ ಆವಿ ಕೂರುತ್ತದೆ. ಹಾಗಾಗಿ ಮೇಲಂಚಿನಲ್ಲಿ ಗಾಳಿಯ ಸಣ್ಣ ಸೀಳುಗಳು, ಒಳಮೈಗೆ ಆವಿ ಹಿಡಿಯದ ಲೇಪ, ಹೊರಮೈಗೆ ಗೀರು ಬೀಳದ ಲೇಪ ಇವಿಷ್ಟನ್ನು ಕೇಳಲೇಬೇಕು. ಕುತ್ತಿಗೆಗೆ ಹಾಕುವ ದಾರವನ್ನೂ ಮರೆಯಬಾರದು, ಬಗ್ಗಿ ನಾಟಿ ಮಾಡುವವಳ ಕನ್ನಡಕ ಕೆಸರಿಗೆ ಬಿದ್ದರೆ ಅದರ ಕಥೆ ಅಲ್ಲಿಗೆ ಮುಗಿಯಿತು.

ಬಣ್ಣದ ವಿಷಯಕ್ಕೆ ಬಂದರೆ, ಬಯಲಿನ ಕೆಲಸಕ್ಕೆ ಬೂದು ಅಥವಾ ಕಂದು, ಕಾಣುವ ಬೆಳಕಿನಲ್ಲಿ ನೂರಕ್ಕೆ 18ರಿಂದ 43ರಷ್ಟನ್ನು ಒಳಗೆ ಬಿಡುವ ಎರಡನೇ ದರ್ಜೆ ಸಾಕು. ಮೂರನೇ ದರ್ಜೆ 8ರಿಂದ 18 ಬಿಡುತ್ತದೆ, ಉಪ್ಪಿನ ಗದ್ದೆ, ಸಮುದ್ರ, ಮರಳಿನವರಿಗೆ ಅದು ಸರಿ. ನಾಲ್ಕನೆಯದನ್ನು ಯಾರಿಗೂ ಹಂಚಬೇಡಿ, ಟ್ರ್ಯಾಕ್ಟರ್ ಹತ್ತುವವನಿಗಂತೂ ಬೇಡವೇ ಬೇಡ. ನೆರಳು ಬಿಸಿಲು ಎರಡರಲ್ಲೂ ಓಡಾಡುವ ಕಟ್ಟಡದವರಿಗೆ ತಿಳಿ ಗಾಜೇ ಉತ್ತಮ, ಅತಿನೇರಳೆ ತಡೆಯಲು ಅದಕ್ಕೆ ಬಣ್ಣದ ಹಂಗಿಲ್ಲ. ನೀರಿನ ಹೊಳಪು ಕಡಿಮೆ ಮಾಡುವ ಪೋಲರಾಯ್ಡ್ ಹಿತವಾಗಿರುತ್ತದೆ, ಆದರೆ ಅದು ಹಿತವಷ್ಟೇ. ಆ ದುಡ್ಡಿನಲ್ಲಿ ಇನ್ನೊಬ್ಬರಿಗೆ ಕೊಡಬಹುದು. ಈಗಾಗಲೇ ಪವರಿನ ಕನ್ನಡಕ ಇರುವವರಿಗೆ ಅದರ ಮೇಲೆಯೇ ಕೂರುವ ಅಗಲದ ಬಗೆ ಸಿಗುತ್ತದೆ. ಶೇಕಡಾ ಹತ್ತಿಪ್ಪತ್ತಾದರೂ ಅದನ್ನು ತರಿಸದಿದ್ದರೆ ನಲವತ್ತೈದು ದಾಟಿದವರೆಲ್ಲ ಹೊರಗುಳಿಯುತ್ತಾರೆ. ಆಶಾಕಿರಣ ಯೋಜನೆಯಲ್ಲಿ ಮನೆಮನೆಗೆ ಹೋಗಿ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವಾಗ "ಕೆಲಸ ಬಯಲಿನಲ್ಲೇ?" ಎಂಬ ಒಂದೇ ಪ್ರಶ್ನೆಯನ್ನು ನಮೂನೆಗೆ ಸೇರಿಸಿದರೆ ಇದು ಅಲ್ಲಿಯೇ ಬಗೆಹರಿಯುತ್ತದೆ.

ಗಾಜಿನ ಮೇಲೆ ಯುವಿ 400 ಎಂಬ ಚೀಟಿ ಅಂಟಿದ್ದರೆ 400 ನ್ಯಾನೊಮೀಟರ್‌ವರೆಗಿನ ಕಿರಣ ತಡೆಯುತ್ತದೆ ಎಂದರ್ಥ, ಆದರೆ ಚೀಟಿಯನ್ನು ಯಾರು ಬೇಕಾದರೂ ಅಂಟಿಸಬಹುದು. ಗುಂಪಿನಿಂದ ಹತ್ತು ಕನ್ನಡಕ ಎತ್ತಿ, ಕನ್ನಡಕದ ಅಂಗಡಿಗಳಲ್ಲಿರುವ ಅತಿನೇರಳೆ ಮಾಪಕದಲ್ಲಿ ಇಟ್ಟರೆ ಕ್ಷಣದಲ್ಲಿ ಉತ್ತರ ಬರುತ್ತದೆ. ನೋಟು ಪರೀಕ್ಷಿಸುವ ನೇರಳೆ ಟಾರ್ಚಿನಿಂದಲೂ ಒಂದು ಅಂದಾಜು ಸಿಗುತ್ತದೆ. 500ರ ನೋಟಿನ ಸಂಖ್ಯೆ ಹೊಳೆಯುವಾಗ ನಡುವೆ ಗಾಜು ಹಿಡಿದರೆ ಹೊಳಪು ಆರಬೇಕು. ಅಗ್ಗದ ಟಾರ್ಚುಗಳು 395 ನ್ಯಾನೊಮೀಟರಿನವು, ಪಾಲಿಕಾರ್ಬೊನೇಟ್ ಗಟ್ಟಿಯಾಗಿ ತಡೆಯುವುದು 380ರ ಆಸುಪಾಸಿನವರೆಗೆ. ಹಾಗಾಗಿ ಸ್ವಲ್ಪ ಹೊಳಪು ಉಳಿದರೆ ಗಾಜು ಕೆಟ್ಟದ್ದೆಂದು ತಿರಸ್ಕರಿಸಬೇಡಿ, ಮಾಪಕಕ್ಕೆ ಕಳಿಸಿ. ಹೊಡೆತ ತಾಳುವ ಗುಣಕ್ಕೆ ನಮ್ಮದೇ ಐ.ಎಸ್. 5983 ಮಾನಕ ಇದೆ, ಟೆಂಡರಿನಲ್ಲಿ ಅದನ್ನೂ ಅತಿನೇರಳೆ ತಡೆಯುವ ಷರತ್ತನ್ನೂ ಬೇರೆ ಬೇರೆಯಾಗಿ ಬರೆಯಿರಿ. ಒಂದಿದ್ದರೆ ಇನ್ನೊಂದು ಇದೆ ಎಂದು ಊಹಿಸಬೇಡಿ.

ಕೃಷಿ ಇಲಾಖೆ ಕೇಳಬಹುದು, ಮೂವತ್ತು ವರ್ಷದ ನಂತರ ಬರುವ ರೋಗಕ್ಕೆ ರೈತ ಇವತ್ತು ಕನ್ನಡಕ ಹಾಕುತ್ತಾನೆಯೇ ಎಂದು. ಅದಕ್ಕೆ ಹಾಕುವುದಿಲ್ಲ, ನಿಜ. ಆದರೆ ಭತ್ತದ ಕೊಯ್ಲಿನಲ್ಲಿ ಗರಿಯೋ ಕಾಳಿನ ಮುಳ್ಳೋ ಕಣ್ಣಿಗೆ ಗೀರಿದವರನ್ನು ಅವನು ನೋಡಿದ್ದಾನೆ. ಆ ಗೀರಿನಲ್ಲಿ ಬೂಸ್ಟು ಬೆಳೆದು ಹುಣ್ಣಾಗಿ, ಒಂದೇ ತಿಂಗಳಲ್ಲಿ ಕಣ್ಣು ಹೋದವರು ನನ್ನ ರಿಜಿಸ್ಟರಿನಲ್ಲಿ ಇದ್ದಾರೆ. ಅದೇ ಸುತ್ತು ಕನ್ನಡಕ ಆ ಗರಿಯನ್ನೂ ತಡೆಯುತ್ತದೆ. ಹೊಲದಲ್ಲಿ ಮಾತು ಅಲ್ಲಿಂದ ಶುರು ಮಾಡಿದರೆ ಹಾಕಿಕೊಳ್ಳುತ್ತಾರೆ ಎನ್ನುವುದು ನನ್ನ ಅನುಭವ. ನಿವೃತ್ತನಾದ ಮೇಲೆ ನನ್ನ ದುಡ್ಡಿನಲ್ಲಿ ತಲಾ ನೂರೈವತ್ತು ರೂಪಾಯಿಯೊಳಗೆ ಅರವತ್ತು ಕನ್ನಡಕ ತಂದು ಒಂದು ನಾಟಿಯ ತಂಡಕ್ಕೂ ಒಂದು ಕೊಯ್ಲಿನ ತಂಡಕ್ಕೂ ಕೊಟ್ಟೆ. ಮೂರು ತಿಂಗಳ ನಂತರ ಹೋಗಿ ನೋಡಿದಾಗ ಮೂವತ್ತೇಳು ಬಳಕೆಯಲ್ಲಿದ್ದವು. ಹಾಕದವರಲ್ಲಿ ಹೆಚ್ಚಿನವರು ಹೆಂಗಸರು. ಸೆರಗಿನ ಮೇಲೆ ಕನ್ನಡಕದ ಕಡ್ಡಿ ಜಾರುತ್ತದೆ, ಜೊತೆಗೆ ಗಂಡಸರು ಸಿನಿಮಾದವಳು ಬಂದಳು ಎಂದು ನಗುತ್ತಾರೆ. ಮೊದಲನೆಯದಕ್ಕೆ ಕಡ್ಡಿಯ ಬದಲು ತಲೆಯ ಹಿಂದೆ ಹೋಗುವ ಅಗಲವಾದ ಪಟ್ಟಿ ಹೊಲಿಸಿದೆ. ಎರಡನೆಯದಕ್ಕೆ ಇಡೀ ತಂಡಕ್ಕೆ ಒಟ್ಟಿಗೆ ಕೊಟ್ಟೆ. ಎಲ್ಲರೂ ಹಾಕಿದಾಗ ನಗಲು ಯಾರೂ ಉಳಿಯುವುದಿಲ್ಲ. ಗೀರು ಬಿದ್ದು ಹಾಳಾದ ಹನ್ನೊಂದರಲ್ಲಿ ಎಲ್ಲವೂ ಧೂಳಿದ್ದಾಗಲೇ ಸೆರಗಿನಿಂದ ಒರೆಸಿದವು. ನೀರು ಹಾಕಿ ತೊಳೆದು ಒಣಗಲು ಬಿಡಬೇಕು ಎಂದು ನಾನೇ ಸರಿಯಾಗಿ ಹೇಳಿರಲಿಲ್ಲ.

ಉಳಿದ ಹನ್ನೆರಡು ಏನಾದವು ಎಂದು ಗೊತ್ತಿಲ್ಲ. ಸಂತೆಯಲ್ಲಿ ಮಾರಿರಬಹುದು. ಹಾಗಿದ್ದರೂ ಬೇಸರವಿಲ್ಲ, ಯಾರದೋ ಕಣ್ಣಿನ ಮೇಲೆ ಇವೆಯಲ್ಲ.

ಮೇಲೆ ಹೇಳಿದ ಐದು ಬಗೆಯ ಮಾದರಿಗಳೂ, ಅವುಗಳನ್ನು ಅಳೆದು ಬರೆದಿಟ್ಟ ಒಂದು ಪುಟವೂ ನನ್ನಲ್ಲಿವೆ. ಪಟ್ಟಿ ಹೊಲಿಸಿದ್ದನ್ನೂ ಸೇರಿಸಿ ತರುತ್ತೇನೆ. ಖರೀದಿ ಸಮಿತಿ ಕರೆದರೆ ನನ್ನ ಖರ್ಚಿನಲ್ಲಿಯೇ ಬೆಂಗಳೂರಿಗೆ ಬರುತ್ತೇನೆ. ನಮ್ಮ ಕಡೆ ಮುಂಗಾರು ಭತ್ತದ ಕೊಯ್ಲು ನವೆಂಬರ್ ಹೊತ್ತಿಗೆ ಶುರುವಾಗುತ್ತದೆ, ಹತ್ತಿ ಬಿಡಿಸುವುದೂ ಆಗಲೇ. ಟೆಂಡರಿಗೆ ನಾಲ್ಕು ತಿಂಗಳು ಹಿಡಿಯುತ್ತದೆ ಎಂದು ಇಟ್ಟುಕೊಂಡರೂ ಜೂನ್‌ನಲ್ಲಿ ಕಡತ ಎತ್ತಿದರೆ ಸಮಯ ಸಾಕು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ನೇತ್ರಾಧಿಕಾರಿ, ರಾಯಚೂರು ಜಿಲ್ಲೆ